‘ಸದರಿ’ ಎಂದರೆ ಯಾವುದು? ಪೇಟೆಂಟ್ ಕ್ಲೇಮಿನ ಪದಗಳನ್ನು ತಾಳೆ ನೋಡುವ ಕೆಲಸ

ಪೇಟೆಂಟ್ ಅರ್ಜಿಯ ಕಡತ ನೋಡಿದವರಿಗೆ ಮೊದಲು ಕಣ್ಣಿಗೆ ಬೀಳುವುದು ಅದರ ವಿವರಣೆ ಮತ್ತು ಚಿತ್ರಗಳು. ಯಂತ್ರ ಹೇಗಿದೆ, ಹೇಗೆ ಕೆಲಸ ಮಾಡುತ್ತದೆ, ಹಳೆಯ ಯಂತ್ರಗಳಲ್ಲಿ ಏನು ತೊಂದರೆ ಇತ್ತು ಎಂಬುದೆಲ್ಲ ಅಲ್ಲಿ ಪುಟಗಟ್ಟಲೆ ಇರುತ್ತದೆ. ಆದರೆ ಸಂಶೋಧಕನಿಗೆ ಸಿಗುವ ಹಕ್ಕು ಆ ಪುಟಗಳಲ್ಲಿ ಇರುವುದಿಲ್ಲ. ಹಕ್ಕಿನ ಗಡಿಯನ್ನು ಹಾಕುವುದು ಕಡತದ ಕೊನೆಯಲ್ಲಿ ಅಂಕಿ ಹಾಕಿ ಬರೆದ ಕೆಲವೇ ವಾಕ್ಯಗಳು. ಅವಕ್ಕೆ ಕ್ಲೇಮುಗಳು ಎನ್ನುತ್ತಾರೆ. ನಮ್ಮ 1970ರ ಪೇಟೆಂಟ್ ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ ಕ್ಲೇಮುಗಳು ಸ್ಪಷ್ಟವಾಗಿ, ಚಿಕ್ಕದಾಗಿ ಇರಬೇಕು ಮತ್ತು ವಿವರಣೆಯಲ್ಲಿ ಬಯಲು ಮಾಡಿದ ವಿಷಯದ ಮೇಲೆ ನಿಂತಿರಬೇಕು. ನಾಳೆ ಯಾರಾದರೂ ನಕಲು ಮಾಡಿದರೆ ನ್ಯಾಯಾಲಯ ನಕಲಿನ ಪಕ್ಕದಲ್ಲಿ ಇಟ್ಟು ನೋಡುವುದು ಈ ವಾಕ್ಯಗಳನ್ನೇ.

ಆ ವಾಕ್ಯಗಳಲ್ಲಿ ಒಂದು ವಸ್ತುವಿನ ಹೆಸರು ಮೊದಲ ಸಲ ಎಲ್ಲಿ ಬಂತು, ಮತ್ತೆ ಬಂದಾಗ ಅದೇ ಹೆಸರಿನಲ್ಲಿ ಬಂತೇ, ಅದೇ ವಸ್ತುವನ್ನೇ ತೋರಿಸುತ್ತಿದೆಯೇ ಎಂದು ತಾಳೆ ನೋಡುವುದು ಒಂದು ಪ್ರತ್ಯೇಕ ಕೆಲಸವೇ ಆಗಿದೆ. ಪೇಟೆಂಟ್ ವಲಯದಲ್ಲಿ ಇದನ್ನು ‘ಆಂಟಿಸಿಡೆಂಟ್ ಬೇಸಿಸ್’ ನೋಡುವುದು ಎನ್ನುತ್ತಾರೆ. ಹಿಂದೆ ಬಿದ್ದಿರಬೇಕಾದ ಆಧಾರವನ್ನು ಹುಡುಕುವುದು ಎಂದು ತಿಳಿದರೆ ಸಾಕು. ನಾನು ಬರವಣಿಗೆಯ ಈ ತುದಿಯಲ್ಲಿ ಕೆಲಸ ಮಾಡುವವನು. ಒಂದು ಒಳ್ಳೆಯ ಆವಿಷ್ಕಾರದ ಹಕ್ಕು ಒಂದೇ ಒಂದು ಪದದ ಕಾರಣಕ್ಕೆ ಅಲುಗಾಡುವುದನ್ನು ನೋಡಿದಾಗ ನಿಜಕ್ಕೂ ಸಂಕಟವಾಗುತ್ತದೆ. ಆ ತಪ್ಪು ಕಡತ ಸಲ್ಲಿಸುವ ಮುಂಚೆ ಅರ್ಧ ದಿನ ಕೂತಿದ್ದರೆ ಸರಿಹೋಗುವಂಥದ್ದಾಗಿರುತ್ತದೆ ಎಂಬುದೇ ಆ ಸಂಕಟಕ್ಕೆ ಕಾರಣ.

ಜಮೀನಿನ ಕ್ರಯಪತ್ರ ಓದಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಪತ್ರದಲ್ಲಿ ಒಮ್ಮೆ ಸರ್ವೆ ನಂಬರು, ವಿಸ್ತೀರ್ಣ, ಚೆಕ್ಕುಬಂದಿ ಹೇಳಿದ ಮೇಲೆ ಮುಂದೆಲ್ಲ ‘ಸದರಿ ಸ್ವತ್ತು’ ಎಂದು ಬರೆಯುತ್ತಾರೆ. ಓದುವವನು ‘ಸದರಿ’ ಕಂಡ ಕೂಡಲೇ ಹಿಂದಕ್ಕೆ ಹೋಗಿ ಯಾವ ಸ್ವತ್ತು ಎಂದು ನೋಡುತ್ತಾನೆ. ಅಲ್ಲಿ ಎರಡು ಸ್ವತ್ತುಗಳ ವಿವರ ಇದ್ದು, ಕೆಳಗೆ ಬರೀ ‘ಸದರಿ ಸ್ವತ್ತನ್ನು ಮಾರಿದ್ದೇನೆ’ ಎಂದಿದ್ದರೆ ತಕರಾರು ಹುಟ್ಟಲು ಅಷ್ಟೇ ಸಾಕು.

ಪೇಟೆಂಟ್ ಕ್ಲೇಮಿನಲ್ಲೂ ವ್ಯವಸ್ಥೆ ಹೀಗೆಯೇ. ಭಾರತದಲ್ಲಿ ಪೇಟೆಂಟ್ ದಾಖಲೆಗಳನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಸಲ್ಲಿಸಬೇಕು. ಕರ್ನಾಟಕದವರ ಅರ್ಜಿಗಳು ಹೋಗುವ ಚೆನ್ನೈ ಕಚೇರಿಯಲ್ಲಿ ಬಳಕೆಯಲ್ಲಿರುವುದು ಇಂಗ್ಲಿಷ್. ಇಂಗ್ಲಿಷ್ ಕ್ಲೇಮಿನಲ್ಲಿ ವಸ್ತುವನ್ನು ಮೊದಲ ಸಲ ತರುವಾಗ ಅದರ ಹಿಂದೆ ‘ಎ’ ಅಥವಾ ‘ಆ್ಯನ್’ ಹಾಕುತ್ತಾರೆ. ಮತ್ತೆ ಅದನ್ನೇ ಹೇಳುವಾಗ ‘ದಿ’ ಅಥವಾ ‘ಸೆಡ್’ ಹಾಕುತ್ತಾರೆ. ಕನ್ನಡದಲ್ಲಿ ಹೇಳುವುದಾದರೆ ಮೊದಲು ‘ಒಂದು’, ಆಮೇಲೆ ‘ಸದರಿ’. ಮಾತಿನ ಕನ್ನಡದಲ್ಲಿ ಇವೆರಡೂ ಇಲ್ಲದೆಯೇ ನಾವು ವಾಕ್ಯ ಮಾಡುತ್ತೇವೆ, ‘ರೋಲರ್ ತಿರುಗುತ್ತದೆ’ ಎಂದರೆ ಮುಗಿಯಿತು. ಹಾಗಾಗಿ ನಮ್ಮ ಎಂಜಿನಿಯರುಗಳು ಇಂಗ್ಲಿಷಿನಲ್ಲಿ ಕ್ಲೇಮು ಬರೆಯುವಾಗ ಈ ಪುಟ್ಟ ಪದಗಳು ಕೈತಪ್ಪುವುದು ಸಹಜ. ಇನ್ನೊಂದು ತೊಂದರೆ ಶಾಲೆಯ ಪಾಠದ್ದು. ಪ್ರಬಂಧದಲ್ಲಿ ಒಂದೇ ಪದವನ್ನು ಮತ್ತೆ ಮತ್ತೆ ಬಳಸಬೇಡಿ ಎಂದು ಮೇಷ್ಟ್ರು ಹೇಳಿಕೊಟ್ಟಿರುತ್ತಾರೆ. ಕ್ಲೇಮಿನಲ್ಲಿ ಅದೇ ಅಭ್ಯಾಸ ಮುಳುವಾಗುತ್ತದೆ. ಇಲ್ಲಿ ಪದ ಬದಲಾಯಿತೆಂದರೆ ವಸ್ತುವೂ ಬೇರೆ ಎಂದೇ ಓದುವವರು ತಿಳಿಯುತ್ತಾರೆ. ಅಮೆರಿಕದ ನ್ಯಾಯಾಲಯಗಳು ಕ್ಲೇಮನ್ನು ಅರ್ಥೈಸಲು ಹೊರಡುವುದೇ ಬೇರೆ ಪದಕ್ಕೆ ಬೇರೆ ಅರ್ಥ ಇದ್ದೀತು ಎಂಬ ಊಹೆಯಿಂದ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಇದು ನಾನೇ ಕಟ್ಟಿದ್ದು, ಯಾರ ಅರ್ಜಿಯದೂ ಅಲ್ಲ. ಅಡಿಕೆ ಸುಲಿಯುವ ಯಂತ್ರದ ಕ್ಲೇಮುಗಳು ಎಂದಿಟ್ಟುಕೊಳ್ಳಿ. ಇಂಗ್ಲಿಷಿನ ‘ಎ’ ಇರುವಲ್ಲಿ ‘ಒಂದು’ ಎಂದೂ ‘ಸೆಡ್’ ಇರುವಲ್ಲಿ ‘ಸದರಿ’ ಎಂದೂ ಬರೆದಿದ್ದೇನೆ. ಕಂಸದಲ್ಲಿರುವ ಅಂಕಿಗಳು ಚಿತ್ರದಲ್ಲಿ ಆಯಾ ಭಾಗಕ್ಕೆ ಕೊಟ್ಟ ಗುರುತು.

1. ಅಡಿಕೆ ಸುಲಿಯುವ ಒಂದು ಯಂತ್ರ. ಅದರಲ್ಲಿ ಒಂದು ಚೌಕಟ್ಟು (10). ಸದರಿ ಚೌಕಟ್ಟಿನ ಮೇಲೆ ಕೂರಿಸಿದ ಒಂದು ಹಾಪರ್ (12). ಸದರಿ ಹಾಪರಿನಿಂದ ಬೀಳುವ ಅಡಿಕೆಯನ್ನು ಉರುಳಿಸುವ ಒಂದು ರೋಲರ್ (14). ಸದರಿ ರೋಲರಿಗೆ ಎದುರಾಗಿರುವ ಕನಿಷ್ಠ ಒಂದು ಬ್ಲೇಡು (16). ಸದರಿ ಬ್ಲೇಡನ್ನು ಸದರಿ ಸಿಲಿಂಡರಿನತ್ತ ಒತ್ತುವ ಒಂದು ಮೊದಲನೇ ಸ್ಪ್ರಿಂಗ್ (18). ಸದರಿ ಬಾಗಿಲನ್ನು ಮುಚ್ಚಿ ಹಿಡಿಯುವ ಒಂದು ಎರಡನೇ ಸ್ಪ್ರಿಂಗ್ (20) ಇದ್ದು, ಸದರಿ ಸ್ಪ್ರಿಂಗಿನ ಬಿಗಿತವನ್ನು ಅಡಿಕೆಯ ಗಾತ್ರಕ್ಕೆ ತಕ್ಕಂತೆ ಬದಲಿಸಬಹುದು.

2. ಕ್ಲೇಮು 1ರ ಯಂತ್ರ. ಅದರಲ್ಲಿ ಸದರಿ ರೋಲರನ್ನು ತಿರುಗಿಸುವ ಒಂದು ಮೋಟಾರು (22) ಇದೆ.

3. ಕ್ಲೇಮು 1ರ ಯಂತ್ರ. ಅದರಲ್ಲಿ ಸದರಿ ಮೋಟಾರಿನ ವೇಗವನ್ನು ಹೊಂದಿಸುವ ಒಂದು ಕಂಟ್ರೋಲರ್ (24) ಇದೆ.

4. ಕ್ಲೇಮು 1ರ ಯಂತ್ರ. ಅದರಲ್ಲಿ ಸದರಿ ಸ್ಟೀಲ್ ಬ್ಲೇಡಿನ ಅಂಚು ಸದರಿ ರೋಲರಿನ ಹೊರಮೈಗೆ ಸಮಾನಾಂತರವಾಗಿದೆ.

ಒಮ್ಮೆ ಓದಿದರೆ ಯಂತ್ರ ಕಣ್ಣೆದುರು ಬರುತ್ತದೆ, ತಪ್ಪೇನೂ ಕಾಣುವುದಿಲ್ಲ. ಯಂತ್ರ ಗೊತ್ತಿರುವವನಿಗಂತೂ ಕಾಣುವುದೇ ಇಲ್ಲ, ಏಕೆಂದರೆ ಕಾಗದದಲ್ಲಿ ಇಲ್ಲದ್ದನ್ನು ಅವನ ತಲೆ ತುಂಬಿಕೊಳ್ಳುತ್ತದೆ. ಆದ್ದರಿಂದ ಈ ತಪಾಸಣೆಯನ್ನು ಸಂಶೋಧಕನಿಗಿಂತ ಯಂತ್ರವನ್ನು ನೋಡದ ಇನ್ನೊಬ್ಬರು ಮಾಡುವುದು ಒಳ್ಳೆಯದು. ‘ಸದರಿ’ ಎಂದು ಬಂದಲ್ಲೆಲ್ಲ ನಿಂತು, ಬೆರಳನ್ನು ಮೇಲಕ್ಕೆ ಸರಿಸಿ, ‘ಒಂದು’ ಎಂದು ಅದೇ ಹೆಸರು ಮೊದಲು ಬಂದದ್ದು ಎಲ್ಲಿ ಎಂದು ಹುಡುಕಬೇಕು.

ಹೀಗೆ ಹುಡುಕಿದರೆ ಮೊದಲು ಸಿಕ್ಕಿಬೀಳುವುದು ‘ಸದರಿ ಸಿಲಿಂಡರ್’. ಮೇಲೆ ಎಲ್ಲೂ ಸಿಲಿಂಡರ್ ಇಲ್ಲ. ಬರೆದವನ ಮನಸ್ಸಿನಲ್ಲಿದ್ದದ್ದು ರೋಲರ್ರೇ. ವರ್ಕ್‌ಶಾಪಿನಲ್ಲಿ ಆ ಭಾಗವನ್ನು ಒಮ್ಮೆ ರೋಲರ್ ಎನ್ನುತ್ತಾರೆ, ಒಮ್ಮೆ ಸಿಲಿಂಡರ್ ಎನ್ನುತ್ತಾರೆ. ಆದರೆ ಎದುರಾಳಿಯ ವಕೀಲ ಹಾಗೆ ಓದುವುದಿಲ್ಲ. ರೋಲರ್ ಒಂದು, ಸಿಲಿಂಡರ್ ಇನ್ನೊಂದು, ನನ್ನ ಕಕ್ಷಿದಾರರ ಯಂತ್ರದಲ್ಲಿ ಇರುವುದು ಒಂದೇ ಉರುಳೆ, ಆದ್ದರಿಂದ ಕ್ಲೇಮಿನ ಎಲ್ಲ ಭಾಗಗಳೂ ಅದರಲ್ಲಿಲ್ಲ ಎಂದು ಅವನು ವಾದಿಸಬಹುದು. ಕ್ಲೇಮಿನ ಒಂದು ಅಂಶ ಇಲ್ಲದಿದ್ದರೂ ಅದು ಅಕ್ಷರಶಃ ಉಲ್ಲಂಘನೆ ಆಗುವುದಿಲ್ಲ.

‘ಸದರಿ ಬಾಗಿಲು’ ಎಂಬುದಕ್ಕೂ ಮೇಲೆ ಆಧಾರವಿಲ್ಲ. ಹಾಪರ್ ಎಂದರೆ ಅದಕ್ಕೆ ಬಾಗಿಲು ಇದ್ದೇ ಇರುತ್ತದೆ ಎನ್ನಲಾಗದು, ಬಾಯಿ ತೆರೆದಿರುವ ಹಾಪರುಗಳೂ ಇವೆ. ‘ಒಂದು ಬಾಗಿಲು ಇರುವ ಒಂದು ಹಾಪರ್’ ಎಂದು ಮೇಲೆ ಸೇರಿಸಿದರೆ ಇದು ಸರಿಹೋಗುತ್ತದೆ. ಇದರ ಪಕ್ಕದಲ್ಲಿ ನಾಲ್ಕನೇ ಕ್ಲೇಮಿನ ‘ರೋಲರಿನ ಹೊರಮೈ’ಯನ್ನು ಇಟ್ಟು ನೋಡಿ. ಹೊರಮೈಯನ್ನೂ ಮೊದಲು ಪರಿಚಯಿಸಿಲ್ಲ. ಆದರೂ ಅದು ತಪ್ಪಲ್ಲ. ರೋಲರ್ ಇದ್ದ ಮೇಲೆ ಹೊರಮೈ ಇರಲೇಬೇಕು, ಅದರ ಬಗ್ಗೆ ಯಾರಿಗೂ ಗೊಂದಲ ಹುಟ್ಟದು. ಅಮೆರಿಕದ ಪೇಟೆಂಟ್ ಕಚೇರಿಯ ಪರೀಕ್ಷಕರ ಕೈಪಿಡಿ ಇದನ್ನು ಒಂದು ಗೋಳದ ಹೊರಮೈಯ ಉದಾಹರಣೆಯಿಂದ ಹೇಳುತ್ತದೆ. ವಸ್ತುವಿನೊಳಗೇ ಅಡಕವಾಗಿರುವ ಗುಣಕ್ಕೆ ಬೇರೆ ಪರಿಚಯ ಬೇಕಿಲ್ಲ. ಬಾಗಿಲಿಗೂ ಹೊರಮೈಗೂ ಇರುವ ಈ ವ್ಯತ್ಯಾಸವನ್ನು ಹಿಡಿಯುವುದಕ್ಕೆ ಓದುವವನ ವಿವೇಕವೇ ಬೇಕು.

ಮುಂದೆ ‘ಸದರಿ ಸ್ಪ್ರಿಂಗ್’. ಇಲ್ಲಿ ಆಧಾರದ ಕೊರತೆಯಿಲ್ಲ, ಇರುವುದೇ ಎರಡು ಆಧಾರ. ಬಿಗಿತ ಬದಲಿಸಬಹುದಾದ್ದು ಬ್ಲೇಡನ್ನು ಒತ್ತುವ ಸ್ಪ್ರಿಂಗೇ, ಬಾಗಿಲು ಹಿಡಿಯುವ ಸ್ಪ್ರಿಂಗೇ? ಅಡಿಕೆಯ ಗಾತ್ರಕ್ಕೆ ತಕ್ಕಂತೆ ಎಂದಿರುವುದರಿಂದ ಮೊದಲನೆಯದು ಎಂದು ನಮಗೆ ಅನ್ನಿಸಬಹುದು. ಆದರೆ ದೊಡ್ಡ ಅಡಿಕೆ ಬಂದಾಗ ಬಾಗಿಲು ಹೆಚ್ಚು ತೆರೆಯಬೇಕು ಎಂದು ಇನ್ನೊಬ್ಬರು ಹೇಳಿದರೆ ಅದೂ ಒಪ್ಪುವ ಮಾತೇ. ಎರಡು ಓದಿಗೂ ಜಾಗವಿದ್ದರೆ ಗಡಿ ಎಲ್ಲಿದೆ ಎಂದು ಹೇಳಲಾಗದು. ‘ಮೊದಲನೇ’ ಎಂಬ ಒಂದು ಪದ ಸೇರಿಸಿದ್ದರೆ ಈ ಪ್ರಶ್ನೆಯೇ ಇರುತ್ತಿರಲಿಲ್ಲ.

ಮೂರನೇ ಕ್ಲೇಮಿನ ಮೋಟಾರಿನದು ಇನ್ನೊಂದು ಬಗೆಯ ತಪ್ಪು. ಮೋಟಾರು ಎರಡನೇ ಕ್ಲೇಮಿನಲ್ಲಿ ಬಂದಿದೆ, ಕಾಗದದಲ್ಲಿ ಅದು ಮೇಲೆಯೇ ಇದೆ. ಆದರೆ ಮೂರನೇ ಕ್ಲೇಮು ತೂಗಿಕೊಂಡಿರುವುದು ಒಂದನೆಯದಕ್ಕೆ, ಎರಡನೆಯದಕ್ಕಲ್ಲ. ಒಂದು ಅವಲಂಬಿತ ಕ್ಲೇಮು ತಾನು ಹೆಸರಿಸಿದ ಕ್ಲೇಮಿನ ವಿಷಯವನ್ನು ಮಾತ್ರ ಒಳಗೆ ತೆಗೆದುಕೊಳ್ಳುತ್ತದೆ. ಆದ್ದರಿಂದ ಬೆರಳು ಮೇಲಕ್ಕೆ ಹೋಗುವಾಗ ಪುಟದ ಸಾಲಿನಲ್ಲಿ ಹೋಗಬಾರದು, ಅವಲಂಬನೆಯ ಕೊಂಬೆ ಹಿಡಿದು ಹೋಗಬೇಕು. ಮೂರರಿಂದ ಒಂದಕ್ಕೆ ಹೋದರೆ ದಾರಿಯಲ್ಲಿ ಮೋಟಾರು ಸಿಗುವುದಿಲ್ಲ. ಇದನ್ನು ಸರಿಪಡಿಸಲು ಎರಡು ದಾರಿಗಳಿವೆ. ಮೂರನೆಯದನ್ನು ‘ಕ್ಲೇಮು 2ರ ಯಂತ್ರ’ ಎಂದು ಮಾಡಬಹುದು, ಅಥವಾ ಮೂರನೆಯದರೊಳಗೇ ‘ಒಂದು ಮೋಟಾರು’ ಎಂದು ಹೊಸದಾಗಿ ತರಬಹುದು. ಮೊದಲ ದಾರಿಯಲ್ಲಿ ಆ ಮೋಟಾರು ರೋಲರನ್ನು ತಿರುಗಿಸುವ ಮೋಟಾರೇ ಆಗಿರಬೇಕಾಗುತ್ತದೆ. ಎರಡನೆಯದರಲ್ಲಿ ಯಾವುದನ್ನು ತಿರುಗಿಸುವ ಮೋಟಾರಾದರೂ ಆದೀತು. ಯಾವುದು ಬೇಕು ಎಂಬುದು ವ್ಯಾಕರಣದ ಪ್ರಶ್ನೆಯಲ್ಲ, ಎಷ್ಟು ಹಕ್ಕು ಕೇಳುತ್ತೀರಿ ಎಂಬ ಪ್ರಶ್ನೆ. ತಪಾಸಣೆ ಮಾಡುವವರು ಇದನ್ನು ತಾವೇ ತಿದ್ದದೆ ಬರೆದವರನ್ನು ಕೇಳಬೇಕಾಗುವುದು ಅದಕ್ಕಾಗಿಯೇ.

ನಾಲ್ಕನೇ ಕ್ಲೇಮಿನಲ್ಲಿ ಬರೀ ಬ್ಲೇಡಾಗಿ ಬಂದದ್ದು ‘ಸ್ಟೀಲ್ ಬ್ಲೇಡ್’ ಆಗಿಬಿಟ್ಟಿದೆ. ಮೊದಲೇ ಇದ್ದ ಬ್ಲೇಡಿಗೆ ಸ್ಟೀಲಿನ ಗುಣ ಸೇರಿಸಿದರೋ, ಸ್ಟೀಲಿನ ಇನ್ನೊಂದು ಬ್ಲೇಡು ಇದೆಯೋ ಗೊತ್ತಾಗದು. ‘ಸದರಿ ಬ್ಲೇಡು ಸ್ಟೀಲಿನದಾಗಿದ್ದು, ಅದರ ಅಂಚು’ ಎಂದು ಬಿಡಿಸಿ ಬರೆದರೆ ಸಂಶಯ ಉಳಿಯದು. ಮೊದಲ ಕ್ಲೇಮಿನಲ್ಲಿ ‘ಕನಿಷ್ಠ ಒಂದು ಬ್ಲೇಡು’ ಎಂದು ತಂದು ಆಮೇಲೆ ‘ಸದರಿ ಬ್ಲೇಡು’ ಎಂದದ್ದೂ ಸಡಿಲವೇ. ಮೂರು ಬ್ಲೇಡುಗಳಿದ್ದರೆ ಸ್ಪ್ರಿಂಗ್ ಮೂರನ್ನೂ ಒತ್ತಬೇಕೇ, ಒಂದನ್ನು ಒತ್ತಿದರೆ ಸಾಕೇ? ಕೇಳಲು ಕರ್ಕಶವಾಗಿದ್ದರೂ ‘ಸದರಿ ಕನಿಷ್ಠ ಒಂದು ಬ್ಲೇಡು’ ಎಂದೇ ಉದ್ದಕ್ಕೂ ಬರೆಯುವುದು ಇದಕ್ಕಾಗಿ.

ಇಂಥ ಪದವೊಂದು ನಿಜವಾಗಿ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ಅಮೆರಿಕದ ಎನರ್ಜೈಸರ್ ಬ್ಯಾಟರಿ ಪ್ರಕರಣವನ್ನು ನೋಡಬೇಕು. ಹಿಂದೆ ಆಲ್ಕಲೈನ್ ಬ್ಯಾಟರಿಗಳಲ್ಲಿ ಸತುವಿನ ಜೊತೆ ಸ್ವಲ್ಪ ಪಾದರಸ ಸೇರಿಸುತ್ತಿದ್ದರು. ಸತು ತುಕ್ಕು ಹಿಡಿದು ಅನಿಲ ಹೊರಡುವುದನ್ನು ಅದು ತಡೆಯುತ್ತಿತ್ತು. ಪಾದರಸ ವಿಷವಾದ್ದರಿಂದ ಅದಿಲ್ಲದ ಬ್ಯಾಟರಿ ಮಾಡುವ ಪೈಪೋಟಿ ಶುರುವಾಯಿತು, ಎನರ್ಜೈಸರ್ ಒಂದು ಪೇಟೆಂಟ್ ಪಡೆಯಿತು. ಅದರ ಮೊದಲ ಕ್ಲೇಮು ಒಂದು ಸೆಲ್ಲನ್ನು ಹೇಳುತ್ತದೆ. ಅದರಲ್ಲಿ ಕ್ಷಾರೀಯ ಎಲೆಕ್ಟ್ರೋಲೈಟ್ ಇದೆ, ಒಂದು ಕ್ಯಾಥೋಡ್ ಇದೆ, ಸತುವು ಸಕ್ರಿಯ ಘಟಕವಾಗಿರುವ ಒಂದು ‘ಆನೋಡ್ ಜೆಲ್’ ಇದೆ. ಆಮೇಲೆ ಸೆಲ್ಲಿನಲ್ಲಿ ಪಾದರಸ 10 ಲಕ್ಷ ಭಾಗಕ್ಕೆ 50 ಭಾಗಕ್ಕಿಂತ ಕಡಿಮೆ ಇರಬೇಕು ಎನ್ನುತ್ತದೆ, ಮತ್ತು ‘ಸದರಿ ಸತುವಿನ ಆನೋಡ್’ 2.88 ಆಂಪಿಯರಿನಲ್ಲಿ 161 ನಿಮಿಷ ಖಾಲಿಯಾದ ಮೇಲೆ ಅದರ ಜೆಲ್ ಶೇ. 25ಕ್ಕಿಂತ ಕಡಿಮೆ ಉಬ್ಬಬೇಕು ಎನ್ನುತ್ತದೆ.

ಮೊದಲು ಬಂದದ್ದು ‘ಆನೋಡ್ ಜೆಲ್’, ಆಮೇಲೆ ಬಂದದ್ದು ‘ಸದರಿ ಸತುವಿನ ಆನೋಡ್’. ಮೇಲೆ ಎಲ್ಲೂ ‘ಒಂದು ಸತುವಿನ ಆನೋಡ್’ ಇಲ್ಲ. ಎನರ್ಜೈಸರ್ ಹಲವು ಬ್ಯಾಟರಿ ಕಂಪನಿಗಳ ಆಮದಿನ ಮೇಲೆ ಅಮೆರಿಕದ ಅಂತಾರಾಷ್ಟ್ರೀಯ ವ್ಯಾಪಾರ ಆಯೋಗಕ್ಕೆ ದೂರು ಕೊಟ್ಟಾಗ ಈ ಬಿರುಕು ಮೇಲೆ ಬಂತು. ‘ಸದರಿ ಸತುವಿನ ಆನೋಡ್’ ಎಂಬುದಕ್ಕೆ ಹಿಂದಿನ ಆಧಾರ ಇಲ್ಲ, ಆದ್ದರಿಂದ ಕ್ಲೇಮು ಅಸ್ಪಷ್ಟ, ಪೇಟೆಂಟ್ ಊರ್ಜಿತವಲ್ಲ ಎಂದು ಆಯೋಗ ಹೇಳಿತು. ಎನರ್ಜೈಸರ್ ಪೇಟೆಂಟ್ ಮೇಲ್ಮನವಿಗಳನ್ನು ಕೇಳುವ ಫೆಡರಲ್ ಸರ್ಕ್ಯೂಟ್ ನ್ಯಾಯಾಲಯಕ್ಕೆ ಹೋಯಿತು. 2006ರಲ್ಲಿ ಆ ನ್ಯಾಯಾಲಯ ಆಯೋಗದ ತೀರ್ಮಾನವನ್ನು ತಳ್ಳಿಹಾಕಿತು. ಸತುವಿನಿಂದಾದ ಆನೋಡ್ ಜೆಲ್ ಎಂದು ಒಮ್ಮೆ ಹೇಳಿದ ಮೇಲೆ ಸತುವಿನ ಆನೋಡ್ ಯಾವುದು ಎಂಬುದು ಸೂಚನೆಯಿಂದಲೇ ತಿಳಿಯುತ್ತದೆ, ಆ ಕ್ಷೇತ್ರದ ಜಾಣನಿಗೆ ಅರ್ಥವಾಗುವಂತಿದ್ದರೆ ಆಧಾರ ಇದೆ ಎಂದೇ ಲೆಕ್ಕ ಎಂದು ಹೇಳಿ ಪ್ರಕರಣವನ್ನು ಆಯೋಗಕ್ಕೆ ವಾಪಸು ಕಳಿಸಿತು.

ಈ ತೀರ್ಪನ್ನು ಹಿಡಿದು, ನೋಡಿ, ಪದ ಬೇರೆಯಾದರೂ ನಡೆಯುತ್ತದೆ ಎನ್ನುವವರಿದ್ದಾರೆ. ನನಗೆ ಅದು ಸರಿಯಾದ ಪಾಠ ಅನ್ನಿಸುವುದಿಲ್ಲ. ‘ಸದರಿ ಆನೋಡ್ ಜೆಲ್’ ಎಂದು ಬರೆದಿದ್ದರೆ ಕನಿಷ್ಠ ಈ ಒಂದು ವಾದಕ್ಕಾಗಿ ಮೇಲ್ಮನವಿಯ ತನಕ ಹೋಗಬೇಕಾಗಿರಲಿಲ್ಲ. ಅಲ್ಲದೆ ಆ ತೀರ್ಪು ಬಂದ ಕಾಲದಲ್ಲಿ ಬಿಡಿಸಲಾರದಷ್ಟು ಗೋಜಲಾಗಿದ್ದರೆ ಮಾತ್ರ ಕ್ಲೇಮು ಅಸ್ಪಷ್ಟ ಎಂಬ ಸಡಿಲ ಅಳತೆಯಿತ್ತು. 2014ರಲ್ಲಿ ನಾಟಿಲಸ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಬಿಗಿ ಮಾಡಿತು. ಕ್ಲೇಮಿನ ಗಡಿ ಆ ಕ್ಷೇತ್ರದವನಿಗೆ ಸಾಕಷ್ಟು ಖಚಿತವಾಗಿ ತಿಳಿಯಬೇಕು ಎಂದಿತು. ಅದಾದ ಮೇಲೆ 2020ರಲ್ಲಿ ಬುಶ್ನೆಲ್ ಹಾಥಾರ್ನ್ ಮತ್ತು ಸಿಸ್ಕೊ ನಡುವಿನ ಪ್ರಕರಣ ಅದೇ ಫೆಡರಲ್ ಸರ್ಕ್ಯೂಟಿನ ಮುಂದೆ ಬಂತು. ಕ್ಲೇಮಿನಲ್ಲಿ ಐಪಿ ವಿಳಾಸಗಳ ಮೂರು ಗುಂಪು ಬಂದಿದ್ದವು, ಆಮೇಲೆ ಇದ್ದಕ್ಕಿದ್ದಂತೆ ‘ಸದರಿ ಭಿನ್ನ ಐಪಿ ವಿಳಾಸ’ ಎಂದಿತ್ತು. ಯಾವುದಕ್ಕಿಂತ ಭಿನ್ನ, ಮೂರರಲ್ಲಿ ಯಾವುದು ಎಂದು ಹೇಳುವ ದಾರಿ ಕಾಣದೆ ಕ್ಲೇಮು ಅಸ್ಪಷ್ಟ ಎಂಬ ಕೆಳಗಿನ ತೀರ್ಪನ್ನೇ ನ್ಯಾಯಾಲಯ ಎತ್ತಿಹಿಡಿಯಿತು. ನಮ್ಮ ಉದಾಹರಣೆಯ ‘ಸದರಿ ಸ್ಪ್ರಿಂಗ್’ ಇದೇ ಜಾತಿಯದು.

ಆಧಾರ ಸರಿಯಾಗಿದ್ದರೂ ಅದು ಏನನ್ನು ಕಟ್ಟಿಹಾಕುತ್ತದೆ ಎಂದು ನೋಡದಿದ್ದರೆ ಇನ್ನೊಂದು ಕಡೆಯಿಂದ ಪೆಟ್ಟು ಬೀಳುತ್ತದೆ. ಸಲಾಜರ್ ವಿರುದ್ಧ ಎಟಿ ಅಂಡ್ ಟಿ ಮೊಬಿಲಿಟಿ ಎಂಬ ಪ್ರಕರಣದ ಕ್ಲೇಮಿನಲ್ಲಿ ‘ಒಂದು ಮೈಕ್ರೊಪ್ರೊಸೆಸರ್’ ನಿಯಂತ್ರಣದ ಸಂಕೇತಗಳನ್ನು ಹುಟ್ಟಿಸುತ್ತದೆ, ‘ಸದರಿ ಮೈಕ್ರೊಪ್ರೊಸೆಸರ್’ ಸಂವಹನದ ಪ್ರೋಟೊಕಾಲುಗಳನ್ನು ರಚಿಸುತ್ತದೆ, ಮೆಮೊರಿಯಲ್ಲಿ ಇಟ್ಟಿರುವ ಮಾಹಿತಿಯನ್ನು ‘ಸದರಿ ಮೈಕ್ರೊಪ್ರೊಸೆಸರ್’ ತೆಗೆದುಕೊಳ್ಳುತ್ತದೆ ಎಂದಿತ್ತು. ವ್ಯಾಕರಣದಲ್ಲಿ ಒಂದು ಕೂದಲಿನಷ್ಟೂ ತಪ್ಪಿಲ್ಲ. ಆದರೆ ಈ ಕೆಲಸಗಳನ್ನು ಬೇರೆ ಬೇರೆ ಪ್ರೊಸೆಸರುಗಳು ಹಂಚಿಕೊಂಡರೂ ಕ್ಲೇಮಿಗೆ ಸೇರುತ್ತದೆ ಎಂದು ಪೇಟೆಂಟುದಾರ ವಾದಿಸಬೇಕಾಯಿತು. 2023ರಲ್ಲಿ ಫೆಡರಲ್ ಸರ್ಕ್ಯೂಟ್ ಅದನ್ನು ಒಪ್ಪಲಿಲ್ಲ. ‘ಒಂದು’ ಎಂದರೆ ಒಂದಕ್ಕಿಂತ ಹೆಚ್ಚೂ ಇರಬಹುದು, ಆದರೆ ‘ಸದರಿ’ ಎಂದು ಹಿಂದಕ್ಕೆ ಕಟ್ಟಿದ ಮೇಲೆ ಅವುಗಳಲ್ಲಿ ಕನಿಷ್ಠ ಒಂದಾದರೂ ಹೇಳಿದ ಕೆಲಸಗಳಷ್ಟನ್ನೂ ಮಾಡಬಲ್ಲದ್ದಾಗಿರಬೇಕು ಎಂದಿತು. ಉಲ್ಲಂಘನೆ ಇಲ್ಲ ಎಂಬ ಜ್ಯೂರಿಯ ತೀರ್ಮಾನ ಉಳಿಯಿತು.

ಹಾಗಾಗಿ ‘ಸದರಿ’ ಕಂಡಾಗ ಅದಕ್ಕೆ ಆಧಾರವಿದೆಯೇ ಎಂದು ನೋಡಿ ಟಿಕ್ ಹಾಕಿದರೆ ಸಾಲದು. ಅದೇ ವಸ್ತು ಆಗಿರಲೇಬೇಕೇ ಎಂದೂ ಕೇಳಬೇಕು. ಕೆಲಸ ಹಂಚಿಹೋಗಬಹುದಾದ ಕಡೆ ‘ಒಂದು ಅಥವಾ ಹೆಚ್ಚು ಪ್ರೊಸೆಸರುಗಳು, ಒಂಟಿಯಾಗಿ ಅಥವಾ ಒಟ್ಟಾಗಿ’ ಎಂದು ಮೊದಲ ಪರಿಚಯದಲ್ಲೇ ಬರೆಯುವ ರೂಢಿ ಈಗ ಸಾಫ್ಟ್‌ವೇರ್ ಪೇಟೆಂಟುಗಳಲ್ಲಿ ಬಂದಿದೆ.

ಇದುವರೆಗೆ ಹೇಳಿದ್ದು ಕ್ಲೇಮಿನೊಳಗಿನ ತಾಳೆ. ಕ್ಲೇಮಿಗೂ ವಿವರಣೆಗೂ ನಡುವಿನ ತಾಳೆ ಬೇರೆಯೇ ಇದೆ. ಕ್ಲೇಮಿನಲ್ಲಿ ಬಳಸಿದ ಪದಕ್ಕೆ ವಿವರಣೆಯಲ್ಲಿ ಸ್ಪಷ್ಟ ಬೆಂಬಲ ಇರಬೇಕು ಎಂದು ಅಮೆರಿಕದ ನಿಯಮ ಬಾಯಿಬಿಟ್ಟು ಹೇಳುತ್ತದೆ. ನಮ್ಮಲ್ಲಿ ಕ್ಲೇಮು ವಿವರಣೆಯ ಮೇಲೆ ನಿಂತಿರಬೇಕು ಎಂಬ 10ನೇ ಸೆಕ್ಷನ್ನಿನ ಮಾತಿನಲ್ಲಿ ಅದು ಅಡಗಿದೆ. ಸಾಮಾನ್ಯವಾಗಿ ಆಗುವುದು ಹೀಗೆ: ವಿವರಣೆಯನ್ನು ಎಂಜಿನಿಯರು ಕೊಟ್ಟ ಟಿಪ್ಪಣಿಯಿಂದ ಬರೆದಿರುತ್ತಾರೆ, ಅದರಲ್ಲಿ ಉದ್ದಕ್ಕೂ ‘ಸ್ಪ್ರಿಂಗ್’ ಎಂದಿರುತ್ತದೆ. ಕ್ಲೇಮು ಬರೆಯುವ ಏಜೆಂಟರು, ಸ್ಪ್ರಿಂಗಿನ ಬದಲು ರಬ್ಬರ್ ಹಾಕಿ ಯಾರಾದರೂ ತಪ್ಪಿಸಿಕೊಂಡಾರು ಎಂದು ಯೋಚಿಸಿ ‘ಒತ್ತಡ ಕೊಡುವ ಭಾಗ’ ಎಂದು ಅಗಲ ಮಾಡುತ್ತಾರೆ. ಯೋಚನೆ ಒಳ್ಳೆಯದೇ. ಆದರೆ ವಿವರಣೆಯಲ್ಲಿ ಆ ಪದ ಎಲ್ಲೂ ಇಲ್ಲ. ಓದುವವನಿಗೆ ಒತ್ತಡ ಕೊಡುವ ಭಾಗ ಯಾವುದು ಎಂದು ಚಿತ್ರದಲ್ಲಿ ಸಿಗುವುದಿಲ್ಲ, ಎದುರಾಳಿಗೆ ಇದು ವಿವರಣೆಯಲ್ಲಿ ಇಲ್ಲದ್ದನ್ನು ಕೇಳಿದ್ದು ಎನ್ನಲು ಅವಕಾಶ ಸಿಗುತ್ತದೆ. ಸಲ್ಲಿಸುವ ಮುಂಚೆ ಇದಕ್ಕೆ ಪರಿಹಾರ ಎರಡೇ ವಾಕ್ಯ: ಬ್ಲೇಡನ್ನು ರೋಲರಿನತ್ತ ಒಂದು ಒತ್ತಡ ಕೊಡುವ ಭಾಗ (18) ಒತ್ತುತ್ತದೆ; ಅದು ಸ್ಪ್ರಿಂಗ್ ಆಗಿರಬಹುದು, ರಬ್ಬರ್ ತುಂಡಾಗಿರಬಹುದು. ಸಲ್ಲಿಸಿದ ಮೇಲೆ ಈ ಎರಡು ವಾಕ್ಯಗಳನ್ನು ಸೇರಿಸಲು ಹೋದರೆ ಮೂಲದಲ್ಲಿ ಇಲ್ಲದ ಹೊಸ ವಿಷಯ ಎಂಬ ಆಕ್ಷೇಪಣೆ ಎದುರಾಗುತ್ತದೆ.

ಚಿತ್ರದ ಅಂಕಿಗಳು ಈ ತಪಾಸಣೆಗೆ ದೊಡ್ಡ ಸಹಾಯ. ಒಂದು ಅಂಕಿಗೆ ಒಂದೇ ಹೆಸರು, ಒಂದು ಹೆಸರಿಗೆ ಒಂದೇ ಅಂಕಿ ಇರಬೇಕು. ಒಂದು ಹಾಳೆಯಲ್ಲಿ 10, 12, 14 ಎಂದು ಕೆಳಗೆ ಕೆಳಗೆ ಬರೆದುಕೊಂಡು, ಕಡತದಲ್ಲಿ Ctrl+F ಒತ್ತಿ ಒಂದೊಂದೇ ಅಂಕಿಯನ್ನು ಹುಡುಕಿ, ಅದರ ಹಿಂದೆ ಬಂದ ಹೆಸರುಗಳನ್ನೆಲ್ಲ ಪಕ್ಕದಲ್ಲಿ ಬರೆಯುತ್ತ ಹೋದರೆ ಸಾಕು. 14ರ ಪಕ್ಕದಲ್ಲಿ ‘ರೋಲರ್’, ‘ಸಿಲಿಂಡರ್’, ‘ಡ್ರಮ್’ ಎಂದು ಮೂರು ಹೆಸರು ಬಂದವೆಂದರೆ ಎಲ್ಲಿ ತಿದ್ದಬೇಕು ಎಂದು ತಾನಾಗಿಯೇ ಗೊತ್ತಾಗುತ್ತದೆ. ಇಪ್ಪತ್ತು ಪುಟದ ಕಡತವಾದರೆ ಇದಕ್ಕೆ ಹೆಚ್ಚು ಹೊತ್ತು ಹಿಡಿಯದು.

ತಿದ್ದುವಾಗ ಒಂದೇ ಏಟಿಗೆ ಎಲ್ಲ ಕಡೆ ಬದಲಿಸುವ ಆಸೆಗೆ ಬೀಳಬಾರದು. ಎಲ್ಲ roller ಪದಗಳನ್ನೂ cylinder ಮಾಡು ಎಂದು ಕಂಪ್ಯೂಟರಿಗೆ ಹೇಳಿದರೆ controller ಎಂಬ ಪದದ ಬಾಲದಲ್ಲಿರುವ roller ಕೂಡ ಬದಲಾಗಿ contcylinder ಎಂದಾಗುತ್ತದೆ. ಇದು ಕಣ್ಣಿಗೆ ರಾಚುತ್ತದೆ, ಹಿಡಿಯಬಹುದು. ಹಳೆಯ ಯಂತ್ರಗಳನ್ನು ವರ್ಣಿಸುವ ಭಾಗದಲ್ಲಿ ಬೇರೆಯವರ ಯಂತ್ರದ ರೋಲರನ್ನೂ ಸಿಲಿಂಡರ್ ಮಾಡಿಬಿಟ್ಟರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ನಮ್ಮದು ಸಿಲಿಂಡರ್, ಹಳೆಯದು ರೋಲರ್ ಎಂದು ಮುಂದೆ ವಾದಿಸುವ ಅವಕಾಶ ನಮ್ಮ ಕೈಯಿಂದಲೇ ಹೋಗಿರುತ್ತದೆ. ಒಂದೊಂದನ್ನೂ ನೋಡಿ ಒಪ್ಪಿಯೇ ಬದಲಿಸಬೇಕು.

‘ಸದರಿ’ಗೆ ಹಿಂದಿನ ಆಧಾರ ಇಲ್ಲದ ಕಡೆ ಗುರುತು ಹಾಕಿ ತೋರಿಸುವ ಸಾಫ್ಟ್‌ವೇರುಗಳು ಮಾರುಕಟ್ಟೆಯಲ್ಲಿವೆ. ನಮ್ಮ ಉದಾಹರಣೆಯಲ್ಲಿ ಅವು ‘ಸದರಿ ಸಿಲಿಂಡರ್’ ಹಿಡಿಯುತ್ತವೆ, ಕೊಂಬೆ ಲೆಕ್ಕ ಹಾಕುವಂಥವು ಮೂರನೇ ಕ್ಲೇಮಿನ ಮೋಟಾರನ್ನೂ ಹಿಡಿಯುತ್ತವೆ. ಬಾಗಿಲಿಗೂ ಹೊರಮೈಗೂ ವ್ಯತ್ಯಾಸ ತಿಳಿಯದೆ ಎರಡಕ್ಕೂ ಗುರುತು ಹಾಕುವುದೂ ಉಂಟು. ಮೈಕ್ರೊಪ್ರೊಸೆಸರಿನಂಥ ಕಡೆ ಅವು ಸುಮ್ಮನಿರುತ್ತವೆ, ಏಕೆಂದರೆ ಅಲ್ಲಿ ಪದ ಸರಿಯಾಗಿದೆ. ಹಾಗಾಗಿ ಸಾಫ್ಟ್‌ವೇರ್ ಓಡಿಸಿದ ಮೇಲೂ ಕ್ಲೇಮುಗಳನ್ನು ಕಾಗದದ ಮೇಲೆ ತೆಗೆದು, ಮೊದಲ ಪರಿಚಯಕ್ಕೆ ಒಂದು ಬಣ್ಣ, ‘ಸದರಿ’ಗೆ ಇನ್ನೊಂದು ಬಣ್ಣ ಹಾಕಿ, ಎರಡರ ನಡುವೆ ಗೆರೆ ಎಳೆಯುವುದನ್ನು ನಾನು ಬಿಟ್ಟಿಲ್ಲ. ಗೆರೆ ಎಳೆಯಲಾಗದ ಜಾಗ ತಪ್ಪು, ಎರಡು ಕಡೆಗೆ ಗೆರೆ ಎಳೆಯಬಹುದಾದ ಜಾಗವೂ ತಪ್ಪು. ಗೆರೆಯೇ ಬಾರದ ಪರಿಚಯಗಳೂ ಸಿಗುತ್ತವೆ, ಅಂದರೆ ‘ಒಂದು’ ಎಂದು ತಂದು ಮುಂದೆ ಎಲ್ಲೂ ಬಳಸದ ಭಾಗ. ಅದು ತಪ್ಪಲ್ಲ, ಆದರೆ ಬೇಡದ ಭಾಗವೊಂದು ಕ್ಲೇಮನ್ನು ಸುಮ್ಮನೆ ಕಿರಿದು ಮಾಡುತ್ತಿರಬಹುದು. ಬರೆದವರನ್ನು ಕೇಳಬೇಕು.

ಈ ತಪಾಸಣೆಯನ್ನು ಒಮ್ಮೆ ಮಾಡಿ ಮುಗಿಸಿದೆವು ಎನ್ನುವ ಹಾಗಿಲ್ಲ. ಪೇಟೆಂಟ್ ಕಚೇರಿಯಿಂದ ಮೊದಲ ಪರೀಕ್ಷಾ ವರದಿ ಬಂದ ಮೇಲೆ ನಮ್ಮಲ್ಲಿ ಉತ್ತರಕ್ಕೆ 6 ತಿಂಗಳ ಅವಧಿ ಇದೆ, ಬೇಕಿದ್ದರೆ ಇನ್ನೂ 3 ತಿಂಗಳು ಕೇಳಬಹುದು. ಮೊದಲ ಕ್ಲೇಮು ತೀರಾ ಅಗಲವಾಗಿದೆ ಎಂದು ಪರೀಕ್ಷಕರು ಹೇಳಿದರೆ, ಎರಡನೆಯದನ್ನು ಮೊದಲನೆಯದರೊಳಗೆ ಸೇರಿಸಿ ಉತ್ತರ ಕೊಡುವುದು ತೀರ ಸಾಮಾನ್ಯ. ನಮ್ಮ ಉದಾಹರಣೆಯಲ್ಲಿ ಹಾಗೆ ಮಾಡಿದರೆ ‘ಒಂದು ಮೋಟಾರು’ ಮೊದಲ ಕ್ಲೇಮಿಗೆ ಬರುತ್ತದೆ. ಮೂರನೇ ಕ್ಲೇಮಿನಲ್ಲೂ ಹೊಸದಾಗಿ ‘ಒಂದು ಮೋಟಾರು’ ಎಂದು ತಿದ್ದಿಕೊಂಡಿದ್ದೆವು ಎಂದಾದರೆ ಈಗ ಅದು ಎರಡನೇ ಮೋಟಾರಾಗುತ್ತದೆ, ಅದನ್ನು ‘ಸದರಿ ಮೋಟಾರು’ ಮಾಡಬೇಕು. ರದ್ದಾದ ಎರಡನೇ ಕ್ಲೇಮಿಗೆ ಯಾವುದಾದರೂ ಕ್ಲೇಮು ತೂಗಿಕೊಂಡಿದ್ದರೆ ಅದನ್ನು ಒಂದಕ್ಕೆ ಬದಲಿಸಬೇಕು. ಈ ಹೊತ್ತಿನಲ್ಲಿ ಕೈ ಸ್ವತಂತ್ರವಾಗಿರುವುದಿಲ್ಲ. 59ನೇ ಸೆಕ್ಷನ್ ಪ್ರಕಾರ ತಿದ್ದುಪಡಿ ಏನಿದ್ದರೂ ಹಕ್ಕು ಬಿಟ್ಟುಕೊಡಲು, ತಪ್ಪು ಸರಿಪಡಿಸಲು ಅಥವಾ ವಿವರಿಸಲು ಮಾತ್ರ, ತಿದ್ದಿದ ಕ್ಲೇಮು ಹಳೆಯದರ ವ್ಯಾಪ್ತಿಯೊಳಗೇ ಇರಬೇಕು. ‘ಸಿಲಿಂಡರ್’ ಅನ್ನು ‘ರೋಲರ್’ ಮಾಡುವುದು ಬರವಣಿಗೆಯ ತಪ್ಪಿನ ತಿದ್ದುಪಡಿ ಎಂದು ತೋರಿಸಲು ವಿವರಣೆಯಲ್ಲಿ 14ಕ್ಕೆ ಉದ್ದಕ್ಕೂ ‘ರೋಲರ್’ ಎಂದೇ ಇದ್ದರೆ ಸುಲಭ. ಅಲ್ಲೂ ಮೂರು ಹೆಸರುಗಳಿದ್ದರೆ ಪರೀಕ್ಷಕರಿಗೆ ಏನೆಂದು ಸಮಜಾಯಿಷಿ ಕೊಡುವುದು? ಉತ್ತರ ಸಿದ್ಧವಾದ ಮೇಲೆ, ಕಳಿಸುವ ಮುಂಚೆ, ತಿದ್ದಿದ ಕ್ಲೇಮುಗಳಷ್ಟನ್ನೇ ನೋಡದೆ ಒಂದರಿಂದ ಕೊನೆಯವರೆಗೆ ಎಲ್ಲವನ್ನೂ ಹೊಸದಾಗಿ ಮುದ್ರಿಸಿ ಗೆರೆಗಳನ್ನು ಮತ್ತೆ ಎಳೆಯಬೇಕು.